ರೈಲಿಗೆ ಕಟ್ಟಿದ ಪೂರಿ: ಎಣ್ಣೆಯನ್ನು ತೂಗದೆ ಲೆಕ್ಕ ಸಿಗದು

ಪ್ರಶ್ನೆ: ಮುಂದಿನ ವಾರ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೇವೆ. ನಮ್ಮ ಅತ್ತೆಯವರು ಝಾನ್ಸಿ ಕಡೆಯವರು. ರೈಲು ಪ್ರಯಾಣ ಎಂದರೆ ಪೂರಿ, ಒಣ ಆಲೂಗಡ್ಡೆ ಪಲ್ಯ, ಸಾಸಿವೆ ಎಣ್ಣೆಯ ಮಾವಿನಕಾಯಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಕಟ್ಟುವುದಿಲ್ಲ. ನಾನು ಕೆಲವು ತಿಂಗಳಿಂದ ತಿಂದದ್ದನ್ನೆಲ್ಲ ಆಪ್‌ನಲ್ಲಿ ಬರೆದಿಡುತ್ತಿದ್ದೇನೆ. ಒಂದು ಆಪ್ ಒಂದು ಪೂರಿಗೆ 80 ಕ್ಯಾಲೊರಿ ಎನ್ನುತ್ತದೆ, ಇನ್ನೊಂದು 140 ಎನ್ನುತ್ತದೆ. ಯಾವುದನ್ನು ನಂಬಲಿ? ಒಂದು ಹೊತ್ತಿಗೆ ಆರು ಪೂರಿ, ಪಲ್ಯ, ಒಂದು ಚಮಚ ಉಪ್ಪಿನಕಾಯಿ ತಿಂದರೆ ಕ್ಯಾಲೊರಿ, ಪ್ರೋಟೀನ್, ಕೊಬ್ಬು ಎಷ್ಟೆಷ್ಟಾಗುತ್ತದೆ? ನನ್ನ ತೂಕ 58 ಕಿಲೊ, ಕುಳಿತು ಮಾಡುವ ಕೆಲಸ.

ಉತ್ತರ: ಎರಡು ಆಪ್‌ಗಳೂ ಸುಳ್ಳು ಹೇಳುತ್ತಿಲ್ಲ. ಒಂದು ಅಂಗೈಗಿಂತ ಚಿಕ್ಕ ಪೂರಿಯ ಲೆಕ್ಕ ಕೊಡುತ್ತಿದೆ, ಇನ್ನೊಂದು ಹೋಟೆಲಿನ ದೊಡ್ಡ ಪೂರಿಯದು. "ಒಂದು ಪೂರಿ" ಎಂಬುದು ಅಳತೆಯೇ ಅಲ್ಲ. ಅತ್ತೆಯವರ ಪೂರಿ ಎಷ್ಟು ಹಿಟ್ಟಿನದು, ಅದು ಎಷ್ಟು ಎಣ್ಣೆ ಕುಡಿದಿದೆ ಎಂಬ ಎರಡು ಸಂಗತಿ ತಿಳಿದರೆ ಆಪ್ ಬೇಕಾಗುವುದಿಲ್ಲ. ಮೊದಲನೆಯದು ಸುಲಭ. ಎರಡನೆಯದನ್ನು ಯಾರೂ ಅಳೆಯುವುದಿಲ್ಲ, ಆದರೆ ಲೆಕ್ಕ ತಪ್ಪುವುದು ಅಲ್ಲಿಯೇ.

ಹಿಟ್ಟಿನಿಂದ ಶುರು ಮಾಡೋಣ. ಪ್ರಯಾಣಕ್ಕೆ ಮಾಡುವ ಪೂರಿ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸುತ್ತಾರೆ. 300 ಗ್ರಾಂ ಗೋಧಿ ಹಿಟ್ಟು, ಸುಮಾರು 160 ಮಿ.ಲೀ. ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚಕ್ಕೆ ತುಸು ಕಡಿಮೆ ಉಪ್ಪು, ಚಿಟಿಕೆ ಓಮ. ನಾದಿದ ಮೇಲೆ ಒಟ್ಟು 480 ಗ್ರಾಂ ಆಸುಪಾಸು ಬರುತ್ತದೆ. ಇದರಲ್ಲಿ ಇಪ್ಪತ್ತು ಉಂಡೆ ಮಾಡಿದರೆ ಒಂದೊಂದು 24 ಗ್ರಾಂ ತೂಗುತ್ತದೆ, ಅಂದರೆ ಚಿಕ್ಕ ನಿಂಬೆಹಣ್ಣಿನ ಗಾತ್ರ. ಆ ಉಂಡೆಯಲ್ಲಿ ಹಿಟ್ಟಿರುವುದು 15 ಗ್ರಾಂ ಮಾತ್ರ, ಉಳಿದದ್ದು ಬಹುಪಾಲು ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಹತ್ತೂವರೆ ಗ್ರಾಂ ಪ್ರೋಟೀನ್. ಆ ಲೆಕ್ಕದಲ್ಲಿ 15 ಗ್ರಾಂ ಹಿಟ್ಟು ಕೊಡುವುದು 48 ಕ್ಯಾಲೊರಿ. ಕಲಸುವಾಗ ಹಾಕಿದ ಎಣ್ಣೆಯ ಪಾಲು ಒಂದು ಪೂರಿಗೆ 6 ಕ್ಯಾಲೊರಿ. ಬಾಣಲೆಗೆ ಬೀಳುವ ಮುನ್ನ ಪೂರಿಯ ಬೆಲೆ ಇಷ್ಟೇ, 54.

ಇನ್ನು ಬಾಣಲೆ. ಲಟ್ಟಿಸಿದ ಪೂರಿ ಕಾದ ಎಣ್ಣೆಗೆ ಬಿದ್ದ ಕ್ಷಣ ಅದರೊಳಗಿನ ನೀರು ಆವಿಯಾಗುತ್ತದೆ. ಸುತ್ತಲೂ ಏಳುವ ಗುಳ್ಳೆಗಳು ಆ ಆವಿಯೇ. ಆವಿ ಹೊರಕ್ಕೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಕ್ಕೆ ಬರುವುದು ಕಷ್ಟ. ಹಾಗಾದರೆ ಎಣ್ಣೆ ಯಾವಾಗ ಒಳಹೋಗುತ್ತದೆ? ಹೆಚ್ಚಿನ ಪಾಲು, ಪೂರಿಯನ್ನು ಎತ್ತಿದ ಮೇಲೆ. ಹೊರಗೆ ಬಂದ ಪೂರಿ ತಣ್ಣಗಾಗುತ್ತಿದ್ದಂತೆ ಒಳಗಿನ ಆವಿ ಮತ್ತೆ ನೀರಾಗಿ ಕುಗ್ಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಮೈಮೇಲೆ ಅಂಟಿಕೊಂಡಿದ್ದ ಎಣ್ಣೆಯನ್ನು ಪೂರಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದ ಪೂರಿಯನ್ನು ಬಾಣಲೆಯ ಅಂಚಿಗೆ ಓರೆಯಾಗಿ ಹಿಡಿದು ಕೆಲವು ಕ್ಷಣ ಸೋರಲು ಬಿಡುವುದು ಬರೀ ಅಚ್ಚುಕಟ್ಟಿನ ಮಾತಲ್ಲ. ಬಿಸಿಯಿರುವಾಗ ಸೋರಿದ ಎಣ್ಣೆಯಷ್ಟೇ ಉಳಿತಾಯ. ತಣಿದ ಮೇಲೆ ಕಾಗದದಲ್ಲಿ ಒತ್ತಿದರೆ ಬರುವುದು ಮೇಲಿನ ಜಿಡ್ಡು ಮಾತ್ರ. ಬಿಸಿಬಿಸಿ ಪೂರಿಯನ್ನು ಒಂದರ ಮೇಲೊಂದು ಪೇರಿಸಿದರಂತೂ ಮೇಲಿನದರಿಂದ ಸೋರಿದ್ದನ್ನು ಕೆಳಗಿನದು ಕುಡಿಯುತ್ತದೆ.

ಹೆಚ್ಚು ಎಣ್ಣೆ ಕುಡಿದ ಪೂರಿಯನ್ನು ಗುರುತಿಸುವುದು ಕಷ್ಟವಲ್ಲ. ಎಣ್ಣೆ ಸರಿಯಾಗಿ ಕಾಯದಿದ್ದರೆ ಪೂರಿ ತಳದಲ್ಲಿ ಕೂತು ತಡವಾಗಿ ಮೇಲೇಳುತ್ತದೆ, ಬಣ್ಣ ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನೀರು ಹೆಚ್ಚು ಹೋಗಿ, ನೀರಿದ್ದ ಜಾಗವನ್ನೆಲ್ಲ ಎಣ್ಣೆ ತುಂಬುತ್ತದೆ. ಉಬ್ಬುವಾಗ ಹರಿದ ಪೂರಿಯ ಹೊಟ್ಟೆಗೆ ಎಣ್ಣೆ ನೇರವಾಗಿ ನುಗ್ಗುತ್ತದೆ. ಎತ್ತಿ ಓರೆ ಮಾಡಿದರೆ ಧಾರೆಯಾಗಿ ಸುರಿಯುವುದು ಕಾಣುತ್ತದೆ. ತುಂಬ ತೆಳುವಾಗಿ ಲಟ್ಟಿಸಿದ ಪೂರಿಗೆ ಅದರ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು, ಹಾಗಾಗಿ ಎಣ್ಣೆಯೂ ಹೆಚ್ಚು.

ಎಷ್ಟು ಎಂಬುದನ್ನು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಎಣ್ಣೆ ಸುರಿದ ಬಾಣಲೆಯನ್ನು ಒಲೆಗಿಡುವ ಮೊದಲೇ ತೂಗಿ ಬರೆದಿಡಿ. ಎಲ್ಲ ಪೂರಿ ಕರಿದಾದ ಮೇಲೆ ಬಾಣಲೆ ಪೂರ್ತಿ ತಣಿಯಲಿ. ಬಿಸಿ ಬಾಣಲೆಯನ್ನು ತಕ್ಕಡಿಗೆ ಇಡಬೇಡಿ. ಆಮೇಲೆ ಮತ್ತೆ ತೂಗಿ. ಪೂರಿ ಹರಡುವ ಕಾಗದವನ್ನೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿ. ಉದಾಹರಣೆಗೆ, ಬಾಣಲೆ ಮೊದಲು 1,420 ಗ್ರಾಂ ಇದ್ದು, ಕೊನೆಗೆ 1,330 ಗ್ರಾಂ ಆಗಿದೆ ಎನ್ನಿ. ಹೋದದ್ದು 90 ಗ್ರಾಂ. ಕಾಗದ ಹೀರಿದ್ದು 7, ಸೌಟು ಮತ್ತು ತಟ್ಟೆಗೆ ಅಂಟಿದ್ದು ಅಂದಾಜು 3. ಉಳಿದ 80 ಗ್ರಾಂ ಇಪ್ಪತ್ತು ಪೂರಿಗಳ ಹೊಟ್ಟೆಯಲ್ಲಿದೆ, ಅಂದರೆ ಒಂದೊಂದಕ್ಕೆ 4 ಗ್ರಾಂ. ಪೂರಿಯ ನೀರು ಆವಿಯಾಗಿ ಹೋಗುವುದರಿಂದ ಈ ತೂಕವನ್ನು ಕೆಡಿಸುವುದಿಲ್ಲ. ಲಟ್ಟಿಸುವಾಗ ಒಣಹಿಟ್ಟು ಉದುರಿಸಿದರೆ ಮಾತ್ರ ಅದು ಬಾಣಲೆಯ ತಳಕ್ಕೆ ಇಳಿದು ಲೆಕ್ಕವನ್ನು ತುಸು ಕಡಿಮೆ ತೋರಿಸುತ್ತದೆ. ಎಣ್ಣೆ ಸವರಿ ಲಟ್ಟಿಸುವವರಿಗೆ ಆ ತೊಂದರೆಯೂ ಇಲ್ಲ. ಅಂದಹಾಗೆ, ಆ ಕಾಗದ ಹಳೆಯ ವಾರ್ತಾಪತ್ರಿಕೆ ಆಗದಿರಲಿ. ಅದರ ಮಸಿ ಬಿಸಿ ಎಣ್ಣೆಯಲ್ಲಿ ಕರಗಿ ಪೂರಿಗೆ ಸೇರುತ್ತದೆ.

4 ಗ್ರಾಂ ಎಣ್ಣೆಗೆ 36 ಕ್ಯಾಲೊರಿ. ಸಾಸಿವೆ ಎಣ್ಣೆಯಾದರೂ ಸೂರ್ಯಕಾಂತಿಯಾದರೂ ಕಡಲೆಕಾಯಿ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿಯೇ. "ಲೈಟ್" ಎಂದು ಬಾಟಲಿಯ ಮೇಲೆ ಬರೆದರೆ ಎಣ್ಣೆ ಹಗುರವಾಗುವುದಿಲ್ಲ. 54ಕ್ಕೆ 36 ಕೂಡಿದರೆ 90. ಇದು ನಿಮ್ಮ ಮನೆಯ ಮಧ್ಯಮ ಗಾತ್ರದ ಪೂರಿ. ಎಣ್ಣೆ 3 ಗ್ರಾಂಗೆ ಇಳಿದರೆ 81, 6 ಗ್ರಾಂಗೆ ಏರಿದರೆ 108. ಉಂಡೆಯನ್ನೇ 35 ಗ್ರಾಂ ಮಾಡಿ, ಅದು 6 ಗ್ರಾಂ ಎಣ್ಣೆ ಕುಡಿದರೆ 130 ದಾಟುತ್ತದೆ. ನಿಮ್ಮ ಎರಡು ಆಪ್‌ಗಳ ಜಗಳ ಇಷ್ಟೇ.

ಬಾಣಲೆ ತೂಗುವ ತಾಳ್ಮೆ ಇಲ್ಲದಿದ್ದರೆ ಒಂದು ಅಡ್ಡದಾರಿ ಇದೆ. ಕರಿದ ಪೂರಿಗಳನ್ನು ಒಟ್ಟಿಗೆ ತೂಗಿ, ಗ್ರಾಂಗೆ 4 ಕ್ಯಾಲೊರಿಯಂತೆ ಗುಣಿಸಿ. ಮೇಲಿನ ಪೂರಿ ಕರಿದ ಮೇಲೆ 22-23 ಗ್ರಾಂ ತೂಗುತ್ತದೆ, 90 ಕ್ಯಾಲೊರಿ ಹೊಂದುತ್ತದೆ. ಹೊರಗೆ ಕೊಂಡ ಪೂರಿಗೂ ಈ ಗುಣಾಕಾರ ಸಾಕು. ರೈಲ್ವೆಯ ಜನತಾ ಖಾನಾ ಕೇಳಿದ್ದೀರಲ್ಲ? ಏಳು ಪೂರಿ 175 ಗ್ರಾಂ, ಒಣ ಆಲೂಗಡ್ಡೆ ಪಲ್ಯ 150 ಗ್ರಾಂ, ಜೊತೆಗೆ ಉಪ್ಪಿನಕಾಯಿಯ ಪುಟ್ಟ ಪೊಟ್ಟಣ. 2023ರಲ್ಲಿ ಸಾಮಾನ್ಯ ಬೋಗಿಗಳು ನಿಲ್ಲುವೆಡೆ 20 ರೂಪಾಯಿಗೆ ಮಾರಲು ರೈಲ್ವೆ ಮಂಡಳಿ ಹೇಳಿದ ಊಟವೂ ಇಂಥದ್ದೇ, ಏಳು ಪೂರಿ, ಒಣ ಆಲೂಗಡ್ಡೆ, ಉಪ್ಪಿನಕಾಯಿ. ಪೂರಿಗೆ 700, ಪಲ್ಯ ಮತ್ತು ಉಪ್ಪಿನಕಾಯಿಗೆ 200 ಎಂದರೆ 900 ಕ್ಯಾಲೊರಿ. ಕೂಲಿಗೆ ಹೊರಟವನ ಹೊಟ್ಟೆ ತುಂಬಿಸಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ. ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತ ನಿಮಗೆ ಆ ಏಳು ಪೂರಿ ಹೆಚ್ಚಾಯಿತು, ಅಷ್ಟೇ.

ಪಲ್ಯದ ಮಾತು ಬೇಗ ಮುಗಿಯುತ್ತದೆ. ಆಲೂಗಡ್ಡೆಗೆ ಸುಮ್ಮನೆ ಕೆಟ್ಟ ಹೆಸರು. 100 ಗ್ರಾಂಗೆ 70 ಕ್ಯಾಲೊರಿ ಮಾತ್ರ, ಅನ್ನಕ್ಕಿಂತ ಕಡಿಮೆ. ಆದರೆ ಪ್ರಯಾಣದ ಪಲ್ಯದಲ್ಲಿ ನೀರಿರಬಾರದು, ಈರುಳ್ಳಿ ಇರಬಾರದು, ತಳ ಹಿಡಿಯದಂತೆ ಹುರಿದು ಒಣಗಿಸಬೇಕು ಎಂದಾಗ ಎಣ್ಣೆ ಹೆಚ್ಚು ಬೀಳುತ್ತದೆ. ಅರ್ಧ ಕಿಲೊ ಬೇಯಿಸಿದ ಆಲೂಗಡ್ಡೆಗೆ ಮೂರು ದೊಡ್ಡ ಚಮಚ ಎಣ್ಣೆ, ಜೀರಿಗೆ, ಹಸಿಮೆಣಸಿನಕಾಯಿ, ಅರಿಶಿನ, ಆಮ್‌ಚೂರ್ ಪುಡಿ. ಆಲೂಗಡ್ಡೆಯಿಂದ 350, ಎಣ್ಣೆಯಿಂದ 380. ನಾಲ್ಕು ಜನಕ್ಕೆ ಹಂಚಿದರೆ ತಲಾ 180 ಕ್ಯಾಲೊರಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯದೇ.

ಈಗ ನೀವು ಕೇಳಿದ ಊಟ. ಆರು ಪೂರಿಗೆ 540, ಪಲ್ಯಕ್ಕೆ 180, ಒಂದು ಹೋಳು ರಸದ ಸಮೇತ 20 ಗ್ರಾಂ ಉಪ್ಪಿನಕಾಯಿಗೆ 45. ಒಟ್ಟು 765 ಕ್ಯಾಲೊರಿ. ಇದರಲ್ಲಿ ಪ್ರೋಟೀನ್ 12 ಗ್ರಾಂ, ಕಾರ್ಬೋಹೈಡ್ರೇಟ್ 78 ಗ್ರಾಂ, ಕೊಬ್ಬು 45 ಗ್ರಾಂ, ನಾರು ಹತ್ತಿರ ಹತ್ತಿರ 12 ಗ್ರಾಂ. ಪೂರಿ ಎಂದರೆ ಹಿಟ್ಟಿನ ಊಟ ಎಂದು ನಾವು ತಿಳಿದಿರುತ್ತೇವೆ. ಲೆಕ್ಕ ನೋಡಿದರೆ ಇದು ಎಣ್ಣೆಯ ಊಟ. ಕ್ಯಾಲೊರಿಯಲ್ಲಿ ಅರ್ಧಕ್ಕೂ ಮೀರಿ ಕೊಬ್ಬಿನಿಂದ ಬರುತ್ತಿದೆ. ಮೂರು ದೊಡ್ಡ ಚಮಚ ಎಣ್ಣೆ ನಿಮಗೆ ಕಾಣದ ಹಾಗೆ ಒಳಗೆ ಸೇರಿದೆ. ನಾರು ಮಾತ್ರ ಚೆನ್ನಾಗಿದೆ, ಅದು ಗೋಧಿ ಹಿಟ್ಟಿನ ಪುಣ್ಯ. ಇದೇ ಪೂರಿಯನ್ನು ಮೈದಾದಲ್ಲಿ ಮಾಡಿದರೆ ಕ್ಯಾಲೊರಿ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ಹಿಟ್ಟಿನ ನಾರು ಕಾಲು ಭಾಗಕ್ಕೆ ಇಳಿಯುತ್ತದೆ.

765 ಎಂಬುದು ನಿಮಗೆ ದೊಡ್ಡ ಸಂಖ್ಯೆಯೇ? ಕುಳಿತು ಕೆಲಸ ಮಾಡುವ, ಸುಮಾರು ನಿಮ್ಮಷ್ಟೇ ತೂಕದ ಹೆಂಗಸಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವುದು ದಿನಕ್ಕೆ 1,660 ಕ್ಯಾಲೊರಿ. ಆ ಲೆಕ್ಕದಲ್ಲಿ ಒಂದೇ ಹೊತ್ತಿಗೆ ಅರ್ಧಕ್ಕೆ ಹತ್ತಿರ ಬಂತು. ಒಂದು ದಿನದ ಮಟ್ಟಿಗೆ ಅದರಿಂದ ಏನೂ ಕೆಡುವುದಿಲ್ಲ. ನನಗೆ ಕಾಣುವ ಕೊರತೆ ಪ್ರೋಟೀನಿನದು. ದೇಹದ ತೂಕದ ಕಿಲೊಗೆ 0.83 ಗ್ರಾಂನಂತೆ ನಿಮಗೆ ದಿನಕ್ಕೆ 48 ಗ್ರಾಂ ಬೇಕು. ಈ ಊಟ ಕೊಡುವುದು ಕಾಲು ಭಾಗ. ಎರಡು ರಾತ್ರಿ ಒಂದು ಹಗಲಿನ ದಾರಿಯಲ್ಲಿ ಮೂರು ಹೊತ್ತೂ ಇದನ್ನೇ ತಿಂದರೆ 2,300 ಕ್ಯಾಲೊರಿ ಸೇರಿಯೂ ಪ್ರೋಟೀನ್ 36 ಗ್ರಾಂ ದಾಟುವುದಿಲ್ಲ.

ಉಪ್ಪಿನಕಾಯಿಯ 45 ಕ್ಯಾಲೊರಿ ನೋಡಿ ಅದನ್ನು ಬಿಟ್ಟುಬಿಡಬಹುದು ಎಂದುಕೊಳ್ಳಬೇಡಿ. ಅದರ ಲೆಕ್ಕ ಬೇರೆ ಕಾಲಂನಲ್ಲಿದೆ. ಮಾವಿನಕಾಯಿ ಉಪ್ಪಿನಕಾಯಿ ಕೆಡದೆ ನಿಲ್ಲುವುದೇ ಉಪ್ಪಿನ ಬಲದಿಂದ. ಕಿಲೊ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಹಾಕುವ ಮನೆಗಳಲ್ಲಿ, ಎಣ್ಣೆ, ಖಾರ, ಸಾಸಿವೆ ಎಲ್ಲ ಸೇರಿದ ಮೇಲೂ ನೂರಕ್ಕೆ ಹತ್ತು-ಹನ್ನೆರಡು ಪಾಲು ಉಪ್ಪೇ ಇರುತ್ತದೆ. 20 ಗ್ರಾಂ ಉಪ್ಪಿನಕಾಯಿಯಲ್ಲಿ 2ರಿಂದ ಎರಡೂವರೆ ಗ್ರಾಂ. ಆರು ಪೂರಿಯ ಹಿಟ್ಟಿನಲ್ಲಿ ಒಂದು ಗ್ರಾಂಗೆ ಮೇಲೆ, ಪಲ್ಯದಲ್ಲಿ ಒಂದೂವರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ. ಈ ಒಂದು ಊಟದಲ್ಲೇ ಅದು ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾದರೆ ಕಾಲು ಇಳಿಬಿಟ್ಟು ಕುಳಿತದ್ದು ಮುಖ್ಯ ಕಾರಣ, ಉಪ್ಪು ಅದಕ್ಕೆ ನೆರವಾಗುತ್ತದೆ. ತಕ್ಕಡಿಯಲ್ಲಿ ಮುಕ್ಕಾಲು ಕಿಲೊ ಏರಿದಂತೆ ಕಂಡರೆ ಅದೂ ಬಹುಮಟ್ಟಿಗೆ ನೀರು, ಕೊಬ್ಬಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತದೊತ್ತಡ ಇದ್ದರೆ ನಾನು ಪೂರಿಯ ಎಣ್ಣೆಗಿಂತ ಮೊದಲು ಈ ಚಮಚವನ್ನು ಕೇಳುತ್ತೇನೆ. ಸಾಸಿವೆ ಎಣ್ಣೆಯದು ಬೇಡವೆಂದು ನಮ್ಮ ಮಲೆನಾಡಿನ ಮಿಡಿ ಉಪ್ಪಿನಕಾಯಿ ತೆಗೆದುಕೊಂಡರೆ? ಅದಕ್ಕೆ ಎಣ್ಣೆಯಿಲ್ಲ, ಕ್ಯಾಲೊರಿ ನೆಪಮಾತ್ರ. ಆದರೆ ಉಪ್ಪುನೀರಿನಲ್ಲೇ ಮಾಗಿದ ಮಿಡಿ, ಉಪ್ಪಿನ ವಿಷಯದಲ್ಲಿ ಏನೂ ರಿಯಾಯಿತಿ ಕೊಡುವುದಿಲ್ಲ.

ಅತ್ತೆಯವರ ಮನಸ್ಸು ನೋಯಿಸದೆ ಏನು ಬದಲಿಸಬಹುದು ಎಂದರೆ, ಡಬ್ಬಿಯನ್ನು ಹಾಗೆಯೇ ಬಿಡಿ, ಬಡಿಸಿಕೊಳ್ಳುವುದನ್ನು ಬದಲಿಸಿ. ಆರರ ಬದಲು ನಾಲ್ಕು ಪೂರಿ, ಅದೇ ಪಲ್ಯ, ಅರ್ಧ ಹೋಳು ಉಪ್ಪಿನಕಾಯಿ, ಜೊತೆಗೆ ಒಂದು ಹಿಡಿಗಿಂತ ಹೆಚ್ಚು, ಅಂದರೆ 40 ಗ್ರಾಂ, ಉಪ್ಪು ಹಾಕದ ಹುರಿಗಡಲೆ. ಹುರಿಗಡಲೆಯಿಂದ ಸುಮಾರು 150 ಕ್ಯಾಲೊರಿ ಬರುತ್ತದೆ, ಜೊತೆಗೆ 9 ಗ್ರಾಂ ಪ್ರೋಟೀನ್. ಒಟ್ಟು ಕ್ಯಾಲೊರಿ 710ರ ಹತ್ತಿರವೇ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಪ್ರೋಟೀನ್ 12ರಿಂದ 17ಕ್ಕೆ ಏರುತ್ತದೆ, ಕೊಬ್ಬು 45ರಿಂದ 35ಕ್ಕೆ ಇಳಿಯುತ್ತದೆ. ಪೂರಿ ಹಿಟ್ಟಿಗೆ ಕಾಲು ಪಾಲು ಕಡಲೆಹಿಟ್ಟು ಬೆರೆಸಿ ಎಂಬ ಸಲಹೆಯನ್ನು ನೀವು ಬೇರೆಡೆ ಓದಿರಬಹುದು. ರುಚಿಗಾದರೆ ಧಾರಾಳವಾಗಿ ಬೆರೆಸಿ. ಪ್ರೋಟೀನಿಗಾಗಿ ಎಂದರೆ ಆರು ಪೂರಿಗೆ ಸೇರಿ ಎರಡೂವರೆ ಗ್ರಾಂ ಹೆಚ್ಚುತ್ತದೆ, ಅದಕ್ಕಾಗಿ ಅತ್ತೆಯವರ ಹದ ಕೆಡಿಸುವಷ್ಟು ಲಾಭ ನನಗೆ ಕಾಣುವುದಿಲ್ಲ. ಮೊಟ್ಟೆ ತಿನ್ನುವವರಾದರೆ ಸಿಪ್ಪೆ ಬಿಡಿಸದ ಎರಡು ಬೇಯಿಸಿದ ಮೊಟ್ಟೆ ಹುರಿಗಡಲೆಗಿಂತಲೂ ಒಳ್ಳೆಯದು, ಆದರೆ ಮೊದಲ ರಾತ್ರಿಗೇ ಮುಗಿಸಿ.

ಮೊದಲ ರಾತ್ರಿಗೇ ಮುಗಿಸಬೇಕಾದ್ದು ಮೊಟ್ಟೆ ಮಾತ್ರವಲ್ಲ. ಪೂರಿಯಲ್ಲಿ ನೀರು ಕಡಿಮೆ, ಉಪ್ಪಿನಕಾಯಿಯಲ್ಲಿ ಉಪ್ಪು ಹೆಚ್ಚು, ಆದ್ದರಿಂದ ಅವೆರಡೂ ಮರುದಿನಕ್ಕೆ ನಿಲ್ಲುತ್ತವೆ. ಬೆಂದ ಆಲೂಗಡ್ಡೆ ಎಷ್ಟು ಹುರಿದರೂ ಒಳಗೆ ತೇವ ಉಳಿಸಿಕೊಂಡಿರುತ್ತದೆ, ಪಿಷ್ಟವೂ ಹೇರಳ. ಬೇಸಿಗೆಯ ಬೋಗಿಯ ಶಾಖದಲ್ಲಿ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೊರಡುವ ಮುನ್ನ ಆದಷ್ಟು ತಡವಾಗಿ ಪಲ್ಯ ಮಾಡಿ, ಅಗಲ ತಟ್ಟೆಯಲ್ಲಿ ಬೇಗ ಆರಿಸಿ ಡಬ್ಬಿಗೆ ತುಂಬಿ; ಬಿಸಿಯಾಗಿ ಮುಚ್ಚಿದರೆ ಮುಚ್ಚಳದ ಹನಿ ಮತ್ತೆ ಪಲ್ಯಕ್ಕೇ ಇಳಿಯುತ್ತದೆ. ಪಲ್ಯ ಹುಳಿ ವಾಸನೆ ಹೊಡೆದರೆ, ಬೆರಳಿಗೆ ಎಳೆಎಳೆಯಾಗಿ ಅಂಟಿದರೆ ಚೆಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತು. ಏನೂ ವಾಸನೆ ಬರದ ಪಲ್ಯವೂ ಹೊಟ್ಟೆ ಕೆಡಿಸಬಲ್ಲದು, ಹಾಗಾಗಿ ಮರುದಿನ ಮಧ್ಯಾಹ್ನಕ್ಕೆ ಮೂಗನ್ನು ನಂಬಿ ಉಳಿಸಬೇಡಿ.

ಇದರಿಂದ ಎರಡನೆಯ ದಿನದ ಲೆಕ್ಕವೇ ಬೇರೆಯಾಗುತ್ತದೆ, ಆಪ್‌ನಲ್ಲಿ ಬರೆಯುವವರು ಇದನ್ನು ಮರೆಯುತ್ತಾರೆ. ಪಲ್ಯ ಮುಗಿದ ಮೇಲೆ ತಣ್ಣನೆಯ ಪೂರಿಗೆ ಜೊತೆ ಉಪ್ಪಿನಕಾಯಿ ಒಂದೇ. ಒಂದು ಹೋಳಿದ್ದದ್ದು ಎರಡು, ಮೂರಾಗುತ್ತದೆ. ಕ್ಯಾಲೊರಿ ಮೊದಲ ರಾತ್ರಿಗಿಂತ ಕಡಿಮೆಯೇ ಕಂಡರೂ ಉಪ್ಪು ಆರು-ಏಳು ಗ್ರಾಂಗೆ ಹೋಗುತ್ತದೆ, ಪ್ರೋಟೀನ್ ಪೂರಿಯದಷ್ಟೇ. ಈ ಹೊತ್ತಿಗೆಂದು ಶೇಂಗಾ ಚಟ್ನಿಪುಡಿಯ ಪುಟ್ಟ ಡಬ್ಬಿ ಇಟ್ಟುಕೊಳ್ಳಿ. ಎರಡು ದೊಡ್ಡ ಚಮಚ, ಅಂದರೆ 20 ಗ್ರಾಂ ಪುಡಿಗೆ ನೂರರ ಮೇಲೆ ಸ್ವಲ್ಪ ಕ್ಯಾಲೊರಿ, ನಾಲ್ಕು ಗ್ರಾಂ ಪ್ರೋಟೀನ್. ಪುಡಿಗೆ ಎಣ್ಣೆ ಕಲಸಬೇಡಿ. ಪೂರಿಯಲ್ಲಿ ಈಗಾಗಲೇ ಇರುವ ಎಣ್ಣೆಯೇ ಅದನ್ನು ಅಂಟಿಸಿಕೊಳ್ಳಲು ಸಾಕು. ಚಟ್ನಿಪುಡಿ ಉದುರಿಸಿ, ಪೂರಿಯನ್ನು ಸುರುಳಿ ಸುತ್ತಿ ತಿನ್ನಿ. ನಾಲ್ಕು ಪೂರಿಗೆ 360, ಪುಡಿಗೆ 105, ಯಾವುದಾದರೂ ನಿಲ್ದಾಣದಲ್ಲಿ ಸಿಕ್ಕ ಮೊಹರು ಮಾಡಿದ ಸಪ್ಪೆ ಮೊಸರಿನ ಚಿಕ್ಕ ಲೋಟಕ್ಕೆ 60ರ ಆಸುಪಾಸು. ಆಪ್‌ನಲ್ಲಿ "ಪೂರಿ 4" ಎಂದು ಹುಡುಕುವ ಬದಲು ಗೋಧಿ ಹಿಟ್ಟು 60 ಗ್ರಾಂ, ಎಣ್ಣೆ 19 ಗ್ರಾಂ ಎಂದು ಎರಡು ಸಾಲಾಗಿ ಬರೆಯಿರಿ. ಹಾಗೆ ಬರೆದರೆ ಎರಡು ಆಪ್‌ಗಳೂ ಒಂದೇ ಉತ್ತರ ಕೊಡುತ್ತವೆ.